ಸುಟ್ಟದ್ದು 12 ಲಕ್ಷ, ಕೈಗೆ ಬಂದದ್ದು 6 ಲಕ್ಷ

ದಾವಣಗೆರೆಯಲ್ಲಿ ಬಾಡಿಗೆ ಮಳಿಗೆಯಲ್ಲಿರುವ ಒಂದು ಜವಳಿ ಅಂಗಡಿ ಎಂದಿಟ್ಟುಕೊಳ್ಳಿ. ಮಾಲೀಕರು ಬ್ಯಾಂಕಿನಿಂದ ಸಿಸಿ ಸಾಲ ಪಡೆದಿದ್ದಾರೆ. ವರ್ಷ ವರ್ಷ ಅವರ ಖಾತೆಯಿಂದಲೇ ಪ್ರೀಮಿಯಂ ಕಡಿದು ಬ್ಯಾಂಕಿನವರು ಬೆಂಕಿ ವಿಮೆ ಮಾಡಿಸುತ್ತಾರೆ. ಪಾಲಿಸಿಯಲ್ಲಿ ಸ್ಟಾಕಿಗೆ ಬರೆದಿರುವ ಮೊತ್ತ 20 ಲಕ್ಷ ರೂಪಾಯಿ. ದೀಪಾವಳಿಗೆ ಎರಡು ವಾರ ಇರುವಾಗ, ರಾತ್ರಿ ಸ್ವಿಚ್‌ಬೋರ್ಡಿನಲ್ಲಿ ಕಿಡಿ ಹೊತ್ತಿ, ಒಂದು ಬದಿಯ ರ‍್ಯಾಕುಗಳು ಸುಟ್ಟುಹೋಗುತ್ತವೆ. ಆದ ನಷ್ಟ 12 ಲಕ್ಷ. ವಿಮೆ 20 ಲಕ್ಷಕ್ಕಿದೆ, ನಷ್ಟ ಅದಕ್ಕಿಂತ ಕಡಿಮೆ, ಹಾಗಾಗಿ ಪೂರ್ತಿ ಸಿಗುತ್ತದೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಕಂಪನಿ ಮಂಜೂರು ಮಾಡುವುದು 6 ಲಕ್ಷ. ಇಲ್ಲಿ ಯಾರೂ ಮೋಸ ಮಾಡಿಲ್ಲ. ಪಾಲಿಸಿಯ ಷರತ್ತೇ ಹಾಗಿದೆ, ಆದರೆ ಪಾಲಿಸಿ ಮಾಡಿಸುವಾಗ ಅದನ್ನು ಅಂಗಡಿಯವರಿಗೆ ಬಿಡಿಸಿ ಹೇಳುವವರು ಕಡಿಮೆ.

ಮೊದಲು ಪಾಲಿಸಿ ಯಾವುದು ಎಂದು ನೋಡೋಣ. ಒಂದೇ ಜಾಗದಲ್ಲಿರುವ ಆಸ್ತಿಯ ಒಟ್ಟು ಬೆಲೆ 5 ಕೋಟಿ ರೂಪಾಯಿ ಮೀರದ ಅಂಗಡಿ, ಸಣ್ಣ ಕಾರ್ಖಾನೆಗಳಿಗೆ 2021ರ ಏಪ್ರಿಲ್‌ನಿಂದ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಎಂಬ ಪಾಲಿಸಿ ಇದೆ. ವಿಮಾ ನಿಯಂತ್ರಣ ಪ್ರಾಧಿಕಾರವೇ ರೂಪಿಸಿದ್ದರಿಂದ ಯಾವ ಸಾಮಾನ್ಯ ವಿಮಾ ಕಂಪನಿಯಲ್ಲಿ ಕೊಂಡರೂ ಮೂಲ ಷರತ್ತು ಒಂದೇ. ಹೆಸರಿಗೆ ಬೆಂಕಿ ವಿಮೆ ಎಂದರೂ ಸಿಡಿಲು, ಸ್ಫೋಟ, ಭೂಕಂಪ, ಬಿರುಗಾಳಿ, ನೆರೆ, ಭೂಕುಸಿತ, ಗಲಭೆ, ಲಾರಿ ಬಂದು ಗುದ್ದುವುದು, ನೀರಿನ ಟ್ಯಾಂಕ್ ಒಡೆಯುವುದು ಇವೆಲ್ಲ ಅದರೊಳಗೇ ಬರುತ್ತವೆ. ಬೆಂಕಿ ಆರಿಸಲು ಹೊಡೆದ ನೀರಿನಿಂದ ಹಾಳಾದ ಬಟ್ಟೆಯೂ, ಹೊಗೆ ಹಿಡಿದ ಬಟ್ಟೆಯೂ ಬೆಂಕಿಯ ನಷ್ಟವೇ. ಬೆಂಕಿಯ ಗಲಾಟೆಯಲ್ಲಿ ಮಾಲು ಕಳುವಾದರೆ, ಘಟನೆಯಾದ 7 ದಿನದೊಳಗಿನ ಅಂಥ ಕಳವಿಗೂ ರಕ್ಷಣೆ ಇದೆ. ಬೆಂಕಿಯ ಸಂಬಂಧವಿಲ್ಲದೆ ಬೀಗ ಮುರಿದು ನಡೆದ ಕಳ್ಳತನಕ್ಕೆ ಮಾತ್ರ ಬೇರೆ ಪಾಲಿಸಿ ಬೇಕು.

ನಮ್ಮ ಅಂಗಡಿಯಲ್ಲಿ ಕಿಡಿ ಹೊತ್ತಿದ್ದು ಸ್ವಿಚ್‌ಬೋರ್ಡಿನಲ್ಲಿ. ಶಾರ್ಟ್ ಸರ್ಕ್ಯೂಟ್ ಆದರೆ ವಿಮೆ ಸಿಗುವುದಿಲ್ಲ ಎಂಬ ಮಾತು ಪೇಟೆಯಲ್ಲಿ ಓಡಾಡುತ್ತಿರುತ್ತದೆ. ಅದು ಅರ್ಧ ಮಾತ್ರ ನಿಜ. ಶಾರ್ಟ್ ಆದ ಆ ಬೋರ್ಡು ಅಥವಾ ಆ ಯಂತ್ರಕ್ಕೆ ಮಾತ್ರ ಪರಿಹಾರವಿಲ್ಲ. ಅಲ್ಲಿಂದ ಹರಡಿದ ಬೆಂಕಿಯಲ್ಲಿ ಸುಟ್ಟ ಸೀರೆ, ರ‍್ಯಾಕು, ಕೌಂಟರ್ ಎಲ್ಲಕ್ಕೂ ಇದೆ. ಅಂಗಡಿ ಮುಚ್ಚಿದ ದಿನಗಳ ವ್ಯಾಪಾರ ನಷ್ಟ ಈ ಪಾಲಿಸಿಗೆ ಸೇರುವುದಿಲ್ಲ. ಅಂಗಡಿಯನ್ನು ಸತತ 30 ದಿನಕ್ಕಿಂತ ಹೆಚ್ಚು ಬಳಸದೆ ಮುಚ್ಚಿಡುವುದಾದರೆ ಕಂಪನಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಬೇಕು.

ಈಗ 12 ಲಕ್ಷ 6 ಲಕ್ಷವಾದ ಲೆಕ್ಕಕ್ಕೆ ಬರೋಣ. ಬೆಂಕಿ ಬಿದ್ದ ದಿನ ಅಂಗಡಿಯಲ್ಲಿ ಎಷ್ಟು ಮಾಲಿತ್ತು ಎಂಬುದನ್ನು ಸರ್ವೇಯರ್ ಲೆಕ್ಕದ ಪುಸ್ತಕದಿಂದ ಕಟ್ಟುತ್ತಾರೆ. ಮಾರ್ಚ್ 31ರ ಬ್ಯಾಲೆನ್ಸ್ ಶೀಟಿನಲ್ಲಿ ಉಳಿದ ಮಾಲು 22 ಲಕ್ಷ. ಅಲ್ಲಿಂದ ಬೆಂಕಿಯ ದಿನದವರೆಗಿನ ಖರೀದಿ 48 ಲಕ್ಷ. ಎರಡೂ ಸೇರಿ 70 ಲಕ್ಷ. ಅದೇ ಅವಧಿಯ ಮಾರಾಟ 40 ಲಕ್ಷ. ಹಿಂದಿನ ವರ್ಷಗಳ ಲೆಕ್ಕದಂತೆ ಮಾರಾಟದಲ್ಲಿ ನೂರಕ್ಕೆ 25 ಲಾಭ, ಅಂದರೆ ಮಾರಿಹೋದ ಮಾಲಿನ ಅಸಲು 30 ಲಕ್ಷ. 70ರಲ್ಲಿ 30 ಕಳೆದರೆ ಅಂದು ಇರಬೇಕಾದ ಸ್ಟಾಕು 40 ಲಕ್ಷ. ಅದರಲ್ಲಿ ಏನೂ ಆಗದೆ ಉಳಿದದ್ದು 26 ಲಕ್ಷದ ಮಾಲು. ಸುಟ್ಟು, ನೆನೆದು ಹಾಳಾದದ್ದು 14 ಲಕ್ಷದ್ದು, ಅದನ್ನು ಮಾರಿದರೆ ಬರಬಹುದಾದ ಬೆಲೆ 2 ಲಕ್ಷ. ಹೀಗೆ ನಿವ್ವಳ ನಷ್ಟ 12 ಲಕ್ಷ.

40 ಲಕ್ಷದ ಮಾಲಿಟ್ಟು 20 ಲಕ್ಷಕ್ಕೆ ವಿಮೆ ಮಾಡಿಸಿದ್ದಾರೆ. ಉಳಿದ ಅರ್ಧದ ಹೊಣೆಯನ್ನು ಮಾಲೀಕರು ತಾವೇ ಹೊತ್ತುಕೊಂಡರು ಎಂದು ಪಾಲಿಸಿ ಲೆಕ್ಕ ಹಾಕುತ್ತದೆ. ಆದ್ದರಿಂದ ಆದ ನಷ್ಟದಲ್ಲೂ ಅರ್ಧವೇ ಅವರಿಗೆ. ಅದರಲ್ಲೂ ಪಾಲಿಸಿಯಲ್ಲಿ ಬರೆದಿರುವ ಎಕ್ಸೆಸ್ ಮೊತ್ತ ಕಳೆಯುತ್ತದೆ. ಸೂಕ್ಷ್ಮ ಉದ್ಯಮ ಪಾಲಿಸಿಯಲ್ಲಿ ಒಂದು ರಿಯಾಯಿತಿ ಇದೆ: ಕೊರತೆ ನೂರಕ್ಕೆ 15ರ ಒಳಗಿದ್ದರೆ ಈ ಕಡಿತ ಮಾಡುವುದಿಲ್ಲ. ಮಾಲೀಕರು 36 ಲಕ್ಷಕ್ಕೆ ಮಾಡಿಸಿದ್ದರೆ ಕೊರತೆ ನೂರಕ್ಕೆ 10 ಮಾತ್ರ ಆಗುತ್ತಿತ್ತು, 12 ಲಕ್ಷದ ನಷ್ಟವೂ ಕಡಿತವಿಲ್ಲದೆ ಲೆಕ್ಕಕ್ಕೆ ಸಿಗುತ್ತಿತ್ತು.

ಈ 20 ಲಕ್ಷ ಎಂಬ ಅಂಕಿ ಎಲ್ಲಿಂದ ಬಂತು? ಬ್ಯಾಂಕಿಗೆ ಬೇಕಾಗಿದ್ದು ತನ್ನ ಸಾಲದ ಭದ್ರತೆ, ಹಾಗಾಗಿ ಸಾಲದ ಮಿತಿ ನೋಡಿ ಮೊತ್ತ ಬರೆಸಿತು. ಅಂಗಡಿಯ ಮಾಲು ಎಷ್ಟು ಎಂದು ನೋಡಬೇಕಾದದ್ದು ಮಾಲೀಕರೇ. ಬ್ಯಾಂಕ್ ಮಾಡಿಸಿದ ಪಾಲಿಸಿಯ ಪ್ರತಿಯನ್ನು ಕೇಳಿ ಪಡೆದು ಓದದವರೇ ಹೆಚ್ಚು ಎಂಬುದು ನನಗೆ ನಿಜಕ್ಕೂ ಸಂಕಟದ ವಿಷಯ. ಅಂಗಡಿ ಬೇರೆ ಬೀದಿಗೆ ಹೋಗಿ ಎರಡು ವರ್ಷವಾದರೂ ಪಾಲಿಸಿಯಲ್ಲಿ ಹಳೆಯ ವಿಳಾಸವೇ ಇದ್ದರೆ ಹೊಸ ಜಾಗದ ಬೆಂಕಿಗೆ ಪರಿಹಾರ ಕೇಳುವುದೇ ಕಷ್ಟ. ಹಿಂದಿನ ಗಲ್ಲಿಯಲ್ಲಿ ಗೋದಾಮು ಇದ್ದರೆ ಅದರ ವಿಳಾಸವೂ ಪಾಲಿಸಿಯಲ್ಲಿ ಇರಬೇಕು. ಮಾಲು ಅಂಗಡಿಗೂ ಗೋದಾಮಿಗೂ ಓಡಾಡುತ್ತಿದ್ದರೆ ಎರಡೂ ಜಾಗಕ್ಕೆ ಒಂದೇ ಮೊತ್ತ ಹೊಂದುವಂಥ ಫ್ಲೋಟರ್ ಕೇಳಬೇಕು.

ಸ್ಟಾಕಿನ ಮೊತ್ತ ಗೊತ್ತುಮಾಡುವಾಗ ವರ್ಷದ ಸರಾಸರಿ ಹಿಡಿಯಬಾರದು, ಅತಿ ಹೆಚ್ಚು ಮಾಲು ತುಂಬುವ ತಿಂಗಳನ್ನು ಹಿಡಿಯಬೇಕು. ಜವಳಿಗೆ ಅದು ದಸರಾ, ದೀಪಾವಳಿ, ಮದುವೆಯ ಕಾಲ. ಪುಸ್ತಕದಂಗಡಿಗೆ ಶಾಲೆ ತೆರೆಯುವ ಮೊದಲಿನ ವಾರಗಳು. ವರ್ಷವಿಡೀ ಅಷ್ಟು ಪ್ರೀಮಿಯಂ ಭಾರವೆನಿಸಿದರೆ, ಮಾಲು ತುಂಬುವ ಮೊದಲೇ ಕಂಪನಿಗೆ ಬರೆದು, ಹೆಚ್ಚುವರಿ ಪ್ರೀಮಿಯಂ ಕಟ್ಟಿ, ಪಾಲಿಸಿಗೆ ಎಂಡೋರ್ಸ್‌ಮೆಂಟ್ ಮಾಡಿಸಿಕೊಳ್ಳಬಹುದು. ಬೆಲೆ ಹಾಕಬೇಕಾದದ್ದು ಮಾರುವ ದರದಲ್ಲಲ್ಲ, ಮಾಲು ಅಂಗಡಿಗೆ ಬಂದು ಬಿದ್ದ ಅಸಲಿನಲ್ಲಿ, ಸಾಗಣೆ ಕೂಲಿ ಸೇರಿಸಿ.

ಜಿಎಸ್‌ಟಿಯ ಮಾತು ಇಲ್ಲೇ ಬರುತ್ತದೆ. ಸುಟ್ಟುಹೋದ ಮಾಲಿನ ಮೇಲೆ ಪಡೆದ ಇನ್‌ಪುಟ್ ತೆರಿಗೆ ಜಮೆಯನ್ನು ಕಾನೂನಿನಂತೆ ಹಿಂದಿರುಗಿಸಬೇಕಾಗುತ್ತದೆ. ಆಗ ಆ ತೆರಿಗೆಯೂ ಅಂಗಡಿಯವರ ನಷ್ಟವೇ. ವಿಮಾ ಮೊತ್ತದಲ್ಲಿ ತೆರಿಗೆ ಸೇರಿದೆಯೇ ಇಲ್ಲವೇ ಎಂದು ಪಾಲಿಸಿ ಕೊಳ್ಳುವಾಗಲೇ ಬರವಣಿಗೆಯಲ್ಲಿ ಸ್ಪಷ್ಟಪಡಿಸಿಕೊಳ್ಳಿ. ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೆ ಜಮೆ ಸಿಗುವುದೇ ಇಲ್ಲ, ಅವರ ಅಸಲಿನಲ್ಲಿ ತೆರಿಗೆ ಹೇಗೂ ಸೇರಿರುತ್ತದೆ.

ಸ್ಟಾಕಿನ ಜೊತೆಗೆ ಫರ್ನಿಚರಿನ ಸಾಲೂ ಇರಬೇಕು. ಕಟ್ಟಡದ ವಿಮೆ ಕಟ್ಟಡದ ಯಜಮಾನರದ್ದು, ಆದರೆ ಬಾಡಿಗೆಯವರು ತಮ್ಮ ದುಡ್ಡಿನಲ್ಲಿ ಮಾಡಿಸಿದ ಫಾಲ್ಸ್ ಸೀಲಿಂಗ್, ಗಾಜಿನ ಮುಂಭಾಗ, ರ‍್ಯಾಕು, ಎಸಿ ಇವನ್ನು ತಾವೇ ಬರೆಸಬೇಕು. ಇವಕ್ಕೆ ಇಂದು ಹೊಸದಾಗಿ ಮಾಡಿಸಲು ತಗಲುವ ಬೆಲೆಯನ್ನೇ ಹಾಕಬೇಕು. ಹೊಸದರ ಬೆಲೆ ಕೈಗೆ ಬರುವುದು ಮತ್ತೆ ಮಾಡಿಸಿದ ಮೇಲೆ, ಬಿಲ್ಲು ತೋರಿಸಿ.

ಬೆಂಕಿ ಬಿದ್ದ ರಾತ್ರಿ 112ಕ್ಕೆ ಕರೆ, ಬೆಳಗಾಗುತ್ತಲೇ ಕಂಪನಿಗೆ ಮತ್ತು ಬ್ಯಾಂಕಿಗೆ ಬರವಣಿಗೆಯ ಸುದ್ದಿ, ಠಾಣೆಗೆ ದೂರು. ಆಮೇಲೆ ಕೈ ಕಟ್ಟಿ ನಿಲ್ಲಬೇಕಾದ ಒಂದು ವಿಷಯವಿದೆ: ಸುಟ್ಟ ಮಾಲನ್ನು ಸರ್ವೇಯರ್ ನೋಡುವ ಮೊದಲು ಟ್ರ್ಯಾಕ್ಟರಿಗೆ ತುಂಬಿ ಕಳಿಸಬಾರದು. ಬೂದಿಯ ನಡುವೆ ಉಳಿದ ಥಾನಿನ ಅಂಚು, ಅರೆಸುಟ್ಟ ಪೆಟ್ಟಿಗೆ, ಕರಗಿದ ಹ್ಯಾಂಗರ್ ಕೊಕ್ಕೆಗಳ ರಾಶಿ, ಇವನ್ನು ನೋಡಿಯೇ ಅವರು ರ‍್ಯಾಕಿನಲ್ಲಿ ಎಷ್ಟು ಮಾಲಿತ್ತು ಎಂದು ಅಂದಾಜು ಮಾಡುವುದು. ಫೋಟೊ, ವಿಡಿಯೊ ತೆಗೆದು, ನೆನೆದದ್ದನ್ನು ಒಣಗಿದ್ದರಿಂದ ಬೇರ್ಪಡಿಸಿ ಹರವಬೇಕು. ಉಳಿಸಬಹುದಾದ ಮಾಲನ್ನು ಕೊಳೆಯಲು ಬಿಟ್ಟರೆ ಆ ನಷ್ಟವನ್ನು ಕಂಪನಿ ಒಪ್ಪದೆ ಇರಬಹುದು.

ಕಾಗದಪತ್ರಗಳಲ್ಲಿ ಕೆಲವು ಹೊರಗಿನಿಂದ ಬರುವಂಥವು: ಅಗ್ನಿಶಾಮಕ ಠಾಣೆಯ ವರದಿ, ಪೊಲೀಸ್ ದೂರಿನ ಪ್ರತಿ, ವಿದ್ಯುತ್ತಿನಿಂದ ಆದ ಬೆಂಕಿಯಾದರೆ ಕೇಳಿದಲ್ಲಿ ವಿದ್ಯುತ್ ಪರಿವೀಕ್ಷಣಾಲಯದ ವರದಿ. ಕ್ಲೇಮ್ ಫಾರಂ ತುಂಬಿ 30 ದಿನದೊಳಗೆ ಕೊಡಬೇಕು. ಅದರ ಜೊತೆಗೆ ಹಾಳಾದ ಮಾಲಿನ ಪಟ್ಟಿ, ಹಿಂದಿನ ಮೂರು ವರ್ಷದ ಬ್ಯಾಲೆನ್ಸ್ ಶೀಟ್, ಖರೀದಿ ಬಿಲ್ಲು, ಸ್ಟಾಕ್ ರಿಜಿಸ್ಟರ್, ಜಿಎಸ್‌ಟಿ ರಿಟರ್ನು, ಬಾಡಿಗೆ ಕರಾರು, ಟ್ರೇಡ್ ಲೈಸೆನ್ಸ್ ಕೇಳುತ್ತಾರೆ. ಬಿಲ್ಲುಗಳೂ ಕಂಪ್ಯೂಟರೂ ಅಂಗಡಿಯಲ್ಲೇ ಸುಟ್ಟಿದ್ದರೆ ಕಂಗಾಲಾಗಬೇಕಿಲ್ಲ. ಮಾಲು ಕೊಟ್ಟವರು ಸಲ್ಲಿಸಿದ ಬಿಲ್ಲಿನ ವಿವರ ಜಿಎಸ್‌ಟಿ ಪೋರ್ಟಲಿನಲ್ಲಿ ನಿಮ್ಮ GSTR-2Bಯಲ್ಲಿ ಇರುತ್ತದೆ. ಸಗಟು ವ್ಯಾಪಾರಿಗಳಿಂದ ಸಹಿ, ಮೊಹರು ಹಾಕಿದ ಲೆಡ್ಜರ್ ಪ್ರತಿ ತರಿಸಬಹುದು. ಪಾವತಿಯ ಗುರುತು ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿದೆ.

ಕಂಗಾಲಾಗಬೇಕಾದದ್ದು ಲೆಕ್ಕಗಳು ಒಂದಕ್ಕೊಂದು ಹೊಂದದಿದ್ದಾಗ. ತೆರಿಗೆ ಉಳಿಸಲು ಬ್ಯಾಲೆನ್ಸ್ ಶೀಟಿನಲ್ಲಿ ಸ್ಟಾಕು ಇಳಿಸಿ ತೋರಿಸುವುದು, ಸಾಲ ಹೆಚ್ಚು ಸಿಗಲೆಂದು ಬ್ಯಾಂಕಿನ ತಿಂಗಳ ಸ್ಟಾಕ್ ಸ್ಟೇಟ್‌ಮೆಂಟಿನಲ್ಲಿ ಏರಿಸಿ ಬರೆಯುವುದು ಎಷ್ಟೋ ಕಡೆ ರೂಢಿ. ಬಿಲ್ಲಿಲ್ಲದ ಖರೀದಿಯಂತೂ ಎಲ್ಲಿಯೂ ಕಾಣುವುದಿಲ್ಲ. ಸರ್ವೇಯರ್ ಮುಂದೆ ಇವೆಲ್ಲ ಒಂದೇ ಮೇಜಿನ ಮೇಲೆ ಬರುತ್ತವೆ. ಅಂಗಡಿಯಲ್ಲಿ ನಿಜವಾಗಿ 40 ಲಕ್ಷದ ಮಾಲಿದ್ದರೂ ಪುಸ್ತಕ 30 ಲಕ್ಷ ಎಂದರೆ ಸುಟ್ಟ ಮಾಲಿನ ಲೆಕ್ಕದಿಂದ 10 ಲಕ್ಷ ಮಾಯವಾಗುತ್ತದೆ. ವರ್ಷಗಟ್ಟಲೆ ಮಾರದೆ ಬಿದ್ದ ಹಳೆ ಮಾಲಿಗೂ ಬೆಲೆ ಕಡಿಯುತ್ತಾರೆ.

ಪ್ರಾಧಿಕಾರದ 2024ರ ನಿಯಮದಂತೆ ಕ್ಲೇಮು ತಿಳಿಸಿದ 24 ಗಂಟೆಯೊಳಗೆ ಸರ್ವೇಯರ್ ನೇಮಕವಾಗಬೇಕು, ಅವರು 15 ದಿನದಲ್ಲಿ ವರದಿ ಕೊಡಬೇಕು, ವರದಿ ಬಂದ 7 ದಿನದಲ್ಲಿ ಕಂಪನಿ ತೀರ್ಮಾನ ಹೇಳಬೇಕು. ಆದ್ದರಿಂದ ಪ್ರತಿ ಕಾಗದವನ್ನೂ ಇಮೇಲ್ ಮೂಲಕ ಅಥವಾ ಸ್ವೀಕೃತಿ ಹಾಕಿಸಿಕೊಂಡು ಕೊಡುವುದು ಒಳ್ಳೆಯದು, ತಡವಾದದ್ದು ಯಾರಿಂದ ಎಂಬುದು ಆ ತಾರೀಕುಗಳಿಂದಲೇ ತಿಳಿಯುತ್ತದೆ. ಕಂಪನಿ ಹೇಳಿದ ಮೊತ್ತ ಒಪ್ಪಿಗೆಯಾಗದಿದ್ದರೆ ಸರ್ವೆ ವರದಿಯ ಪ್ರತಿ ಕೇಳಿ, ಯಾವ ಸಾಲಿನಲ್ಲಿ ಎಷ್ಟು ಕಡಿದರು ಎಂದು ನೋಡಿ, ಆ ಸಾಲಿಗೇ ಉತ್ತರ ಬರೆಯಿರಿ. ಮೊದಲು ಕಂಪನಿಯ ಕುಂದುಕೊರತೆ ವಿಭಾಗಕ್ಕೆ ಲಿಖಿತ ದೂರು. ಅವರು ತಿರಸ್ಕರಿಸಿದರೆ, ಅಥವಾ ಒಂದು ತಿಂಗಳಾದರೂ ಉತ್ತರ ಬಾರದಿದ್ದರೆ, ಒಬ್ಬರೇ ಮಾಲೀಕರಿರುವ ಸಣ್ಣ ಅಂಗಡಿಯವರು ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಕಂಪನಿಯ ಉತ್ತರ ಬಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಅದಕ್ಕೆ ಶುಲ್ಕವಿಲ್ಲ. 50 ಲಕ್ಷದವರೆಗಿನ ಪರಿಹಾರದ ವ್ಯಾಜ್ಯ ಅಲ್ಲಿ ತೀರ್ಮಾನವಾಗುತ್ತದೆ.