ಕಾರ್ಡಿನಾಚೆ ಚಾಚುವ ಪದ, ಒಡೆದುಹೋಗುವ ಒತ್ತಕ್ಷರ

ಮೊಬೈಲಿನಲ್ಲಿ ಕನ್ನಡದ ಯಾವುದಾದರೂ ಜಾಲತಾಣ ತೆರೆದು ಕೆಳಕ್ಕೆ ಸರಿಸುತ್ತಾ ಹೋದರೆ, ಎಲ್ಲೋ ಒಂದು ಕಡೆ ಇಡೀ ಪುಟವೇ ಅಡ್ಡಡ್ಡ ಜಾರಿ ಬಲಗಡೆ ಬಿಳಿ ಪಟ್ಟಿಯೊಂದು ಕಾಣುವುದುಂಟು. ಹುಡುಕಿದರೆ ಕಾರಣ ಬಹಳ ಸಲ ಒಂದೇ ಒಂದು ಪದವಾಗಿರುತ್ತದೆ. ಪುಟ್ಟ ಕಾರ್ಡಿನೊಳಗೆ ಹಿಡಿಸದ ಉದ್ದನೆಯ ಪದ, ಇಲ್ಲವೇ ಯಾರೋ ಅಂಟಿಸಿದ ಜಾಲವಿಳಾಸ. ಎರಡರ ಲಕ್ಷಣ ಒಂದೇ, ಮದ್ದು ಮಾತ್ರ ಬೇರೆ. ಇಂಗ್ಲಿಷ್ ಪುಟಗಳಿಗೆಂದು ಹುಟ್ಟಿದ ಮದ್ದನ್ನು ಹಾಗೇ ತಂದು ಕನ್ನಡಕ್ಕೆ ಹಚ್ಚಿದರೆ ಏನಾಗುತ್ತದೆ ಎಂಬುದನ್ನು ಇಲ್ಲಿ ನೋಡೋಣ.

ಒಂದು ಕಾರ್ಡನ್ನೇ ತೆಗೆದುಕೊಳ್ಳೋಣ. ಫೋನಿನ ಪರದೆ 360 ಪಿಕ್ಸೆಲ್ ಅಗಲ. ಅಕ್ಕಪಕ್ಕ ಎರಡು ಕಾರ್ಡು, ಎರಡೂ ಅಂಚಿಗೆ ಮತ್ತು ನಡುವೆ ಹದಿನಾರು ಹದಿನಾರು ಪಿಕ್ಸೆಲ್ ಜಾಗ. ಅಲ್ಲಿಗೆ ಒಂದು ಕಾರ್ಡಿಗೆ ಸಿಗುವುದು 156. ಒಳಗೆ ಎಡಬಲ ಹನ್ನೆರಡು ಹನ್ನೆರಡು ಬಿಟ್ಟರೆ ಅಕ್ಷರಗಳಿಗೆ ಉಳಿಯುವುದು 132 ಪಿಕ್ಸೆಲ್. ಈ ಕಾರ್ಡಿನ ತಲೆಬರಹ ‘ವಿಶ್ವವಿದ್ಯಾನಿಲಯಗಳಲ್ಲಿರುವವರಿಗೆ ವಿದ್ಯಾರ್ಥಿವೇತನ’ ಎಂದಿರಲಿ. ಮೊದಲ ಪದದಲ್ಲೇ ಹದಿನೈದು ಅಕ್ಷರಗಳಿವೆ. ತಲೆಬರಹದ ಗಾತ್ರ 20 ಪಿಕ್ಸೆಲ್ ಆದರೆ ಆ ಒಂದು ಪದಕ್ಕೇ ಇರುವುದರ ಹೆಚ್ಚುಕಡಿಮೆ ಎರಡರಷ್ಟು ಜಾಗ ಬೇಕು. ಪದಕ್ಕೆ ಪ್ರತ್ಯಯ, ಅದರ ಮೇಲೊಂದು ಪ್ರತ್ಯಯ ಸೇರಿಸುತ್ತಾ ಹೋಗುವ ನಮ್ಮ ಭಾಷೆಯಲ್ಲಿ ಇಂಥ ಪದಗಳೇನೂ ಅಪರೂಪವಲ್ಲ.

ಕೆಳಗೆ ಹೆಚ್ಚಿನ ವಿವರಕ್ಕೆಂದು ವಿಕಿಪೀಡಿಯದ ಕೊಂಡಿ ಕೊಟ್ಟಿದ್ದಾರೆ ಎನ್ನಿ. ಬ್ರೌಸರಿನ ವಿಳಾಸಪಟ್ಟಿಯಿಂದ ‘ಕರ್ನಾಟಕ’ ಪುಟದ ವಿಳಾಸವನ್ನು ನಕಲು ಮಾಡಿದರೆ ಸಾಮಾನ್ಯವಾಗಿ ಸಿಗುವುದು ಇದು:

```
https://kn.wikipedia.org/wiki/%E0%B2%95%E0%B2%B0%E0%B3%8D%E0%B2%A8%E0%B2%BE%E0%B2%9F%E0%B2%95
```

ಯೂನಿಕೋಡಿನ ಲೆಕ್ಕದಲ್ಲಿ ‘ಕರ್ನಾಟಕ’ ಎಂದರೆ ಏಳು ಸಂಕೇತ: ಕ, ರ, ಅರ್ಧಾಕ್ಷರದ ಚಿಹ್ನೆ, ನ, ದೀರ್ಘದ ಚಿಹ್ನೆ, ಟ, ಕ. ಕನ್ನಡದ ಪ್ರತಿ ಸಂಕೇತವೂ ಮೂರು ಬೈಟ್ ಹಿಡಿಯುತ್ತದೆ, ಪ್ರತಿ ಬೈಟೂ ಜಾಲವಿಳಾಸದಲ್ಲಿ ಶೇಕಡಾ ಚಿಹ್ನೆಯೊಂದಿಗೆ ಮೂರು ಅಕ್ಷರವಾಗುತ್ತದೆ. ಹೀಗೆ ಏಳು ಸಂಕೇತ 63 ಆಗಿ, ಮುಂದಿನ ಭಾಗವೂ ಸೇರಿ 93 ಅಕ್ಷರಗಳ ಸಾಲಾಯಿತು. ನಡುವೆ ಒಂದು ಖಾಲಿ ಜಾಗವೂ ಇಲ್ಲ.

ಖಾಲಿ ಜಾಗದ ಮಾತು ಬಂದದ್ದೇಕೆಂದರೆ, ಬ್ರೌಸರು ಸಾಲು ಮುರಿಯುವುದೇ ಅಲ್ಲಿ. ಖಾಲಿ ಜಾಗ, ಹೈಫನ್ ಹೀಗೆ ಕೆಲವೇ ಕಡೆ ಮುರಿಯಲು ಅದಕ್ಕೆ ಅಪ್ಪಣೆ ಇದೆ. ಅವು ಸಿಗದಿದ್ದರೆ ಮುರಿಯುವ ಬದಲು ಪದವನ್ನು ಕಾರ್ಡಿನ ಗೆರೆ ದಾಟಿ ಚಾಚಲು ಬಿಟ್ಟುಬಿಡುತ್ತದೆ. ಅರ್ಧ ಪದ ಮರೆಯಾಗುವುದಕ್ಕಿಂತ ಹೊರಚಾಚಿದರೂ ಪೂರ್ತಿ ಕಾಣಲಿ ಎಂಬುದು ಅದರ ಹಿಂದಿನ ಎಣಿಕೆ. ಇದನ್ನು ಮುಚ್ಚಿಹಾಕಲು ಕೆಲವರು `overflow: hidden` ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಆಗ ಪುಟ ಅಲ್ಲಾಡುವುದು ನಿಲ್ಲುತ್ತದೆ ನಿಜ, ಆದರೆ ಓದುಗನಿಗೆ ‘ವಿಶ್ವವಿದ್ಯಾನಿಲಯಗ’ ಎಂಬಲ್ಲಿಗೆ ತಲೆಬರಹ ಮುಗಿದಿರುತ್ತದೆ.

ನೇರವಾದ ದಾರಿ `overflow-wrap`. ಇದರ ಹಳೆಯ ಹೆಸರು `word-wrap`. ಮೈಕ್ರೋಸಾಫ್ಟ್ ತನ್ನ ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ತಂದದ್ದು, ಆಮೇಲೆ ಹೊಸ ಹೆಸರಿನಲ್ಲಿ ಎಲ್ಲರ ನಿಯಮವಾಯಿತು. ಹಳೆಯ ಹೆಸರೂ ಇನ್ನೂ ನಡೆಯುತ್ತದೆ. ಇದು ಸಂಯಮದ ನಿಯಮ. ಉದ್ದ ಪದ ಬಂದರೆ ಮೊದಲು ಅದನ್ನು ಇಡಿಯಾಗಿ ಮುಂದಿನ ಸಾಲಿಗೆ ಇಳಿಸುತ್ತದೆ. ಅಲ್ಲೂ ಹಿಡಿಸದಿದ್ದರೆ ಮಾತ್ರ ಪದವನ್ನು ಮುರಿಯುತ್ತದೆ. ಅಕ್ಕಪಕ್ಕದ ಸಣ್ಣ ಪದಗಳನ್ನು ಮುಟ್ಟುವುದಿಲ್ಲ.

`word-break: break-all` ಅಂಥದ್ದಲ್ಲ. ಸಾಲು ಎಲ್ಲಿ ತುಂಬಿತೋ ಅಲ್ಲೇ ಕತ್ತರಿ. ಪದ ಚಿಕ್ಕದೋ ದೊಡ್ಡದೋ, ಮುಂದಿನ ಸಾಲಿನಲ್ಲಿ ಜಾಗ ಇದೆಯೋ ಇಲ್ಲವೋ ಎಂದು ನೋಡುವುದಿಲ್ಲ. ಜಾಲವಿಳಾಸಕ್ಕೆ ಇದು ಸರಿಯೇ. ಆ 93 ಅಕ್ಷರಗಳನ್ನು ಎಲ್ಲಿ ಮುರಿದರೂ ಯಾರೂ ಓದುವುದಿಲ್ಲ, ಒತ್ತುತ್ತಾರೆ ಅಷ್ಟೆ. ತೊಂದರೆ ಶುರುವಾಗುವುದು ಅದನ್ನು ಇಡೀ ಕಾರ್ಡಿಗೆ ಹಾಕಿದಾಗ. ಇಂಗ್ಲಿಷ್ ಪದವನ್ನು ಎರಡು ಅಕ್ಷರಗಳ ನಡುವೆ ಕತ್ತರಿಸಿದರೆ ನೋಡಲು ಚೆನ್ನಾಗಿರುವುದಿಲ್ಲ, ಆದರೂ ಒಂದೊಂದು ಅಕ್ಷರ ತನ್ನ ರೂಪದಲ್ಲೇ ಉಳಿಯುತ್ತದೆ. ಕನ್ನಡದಲ್ಲಿ ಅಕ್ಷರವೇ ಒಡೆಯುತ್ತದೆ.

ನಮ್ಮ ತಲೆಬರಹದ ‘ದ್ಯಾ’ವನ್ನು ಗಮನಿಸಿ. ಕಣ್ಣಿಗೆ ಒಂದೇ ಅಕ್ಷರ, ಕಂಪ್ಯೂಟರಿನಲ್ಲಿ ನಾಲ್ಕು ಸಂಕೇತ: ದ, ಅರ್ಧಾಕ್ಷರದ ಚಿಹ್ನೆ, ಯ, ದೀರ್ಘ. ಗುಣಿತದ ಚಿಹ್ನೆಗಳು ತಮ್ಮ ವ್ಯಂಜನವನ್ನು ಬಿಟ್ಟು ಹೋಗುವುದಿಲ್ಲ, ಆ ಮಟ್ಟಿಗೆ ನಿಶ್ಚಿಂತೆ. ಆದರೆ ಅರ್ಧಾಕ್ಷರದ ಚಿಹ್ನೆಗೂ ಅದರ ಮುಂದಿನ ವ್ಯಂಜನಕ್ಕೂ ನಡುವೆ ಬಿರುಕು ಬೀಳಬಹುದು. ಸಾಲು ಅಲ್ಲಿ ತುಂಬಿದರೆ ಮೇಲಿನ ಸಾಲು ‘ವಿಶ್ವವಿದ್’ ಎಂದು ಮುಗಿದು, ಕೆಳಗಿನದು ‘ಯಾನಿಲಯ’ ಎಂದು ಆರಂಭವಾಗುತ್ತದೆ. ಒತ್ತು ಒತ್ತಾಗಿ ಉಳಿಯದೆ ಪೂರ್ಣ ಅಕ್ಷರವಾಗಿಬಿಡುತ್ತದೆ. ‘ಕನ್ನಡ’ ಎಂಬುದೇ ‘ಕನ್’ ಮತ್ತು ‘ನಡ’ ಆಗಬಹುದು. ಯಾವುದೇ ಮುದ್ರಣಾಲಯದ ಕರಡು ತಿದ್ದುವವರು ಇದನ್ನು ಒಪ್ಪುತ್ತಿರಲಿಲ್ಲ.

ಇದರ ಬೇರು ಬ್ರೌಸರಿಗಿಂತ ಆಳದಲ್ಲಿದೆ. ಓದುಗ ಒಂದು ಅಕ್ಷರವೆಂದು ಭಾವಿಸುವುದು ಎಲ್ಲಿಂದ ಎಲ್ಲಿಯವರೆಗೆ ಎಂಬ ನಿಯಮವನ್ನು ಯೂನಿಕೋಡ್ ಹಾಕಿಕೊಡುತ್ತದೆ. 2023ರ 15.1ನೇ ಆವೃತ್ತಿಯಲ್ಲಿ ಒತ್ತಕ್ಷರವನ್ನು ಒಡೆಯದೆ ಒಂದೇ ಘಟಕವಾಗಿ ಹಿಡಿಯುವ ಹೊಸ ನಿಯಮ ಬಂತು. ಅದು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಿಗೆ ಅನ್ವಯಿಸಿತು. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಪಕ್ಕದ ತೆಲುಗು ಇದ್ದು ಕನ್ನಡ ಇಲ್ಲದಿರುವುದು ನೋಡಿದರೆ ಹೊಟ್ಟೆ ಉರಿಯುತ್ತದೆ, ಇರಲಿ. ಇದರ ಅರ್ಥ, `overflow-wrap` ಕೂಡ ಗತ್ಯಂತರವಿಲ್ಲದೆ ಪದ ಮುರಿಯುವಾಗ ಒತ್ತಕ್ಷರದ ನಡುವೆ ಕೈಹಾಕುವ ಅಪಾಯ ಇದ್ದೇ ಇದೆ. ಅದು ವಿರಳವಾಗಿ ಮುರಿಯುತ್ತದೆ ಎಂಬುದಷ್ಟೇ ಸಮಾಧಾನ.

ಒತ್ತಕ್ಷರದ ಅರಿವು ಇರುವುದು ಮೂರನೆಯ ನಿಯಮಕ್ಕೆ, ಅದು `hyphens: auto`. ಪದವನ್ನು ಎಲ್ಲೆಲ್ಲಿ ಮುರಿಯಬಹುದು ಎಂಬ ಭಾಷಾವಾರು ಪಟ್ಟಿಯೊಂದನ್ನು ನೋಡಿ ಇದು ಕೆಲಸ ಮಾಡುತ್ತದೆ. ಇಂಗ್ಲಿಷಿಗೆ ಆ ಪಟ್ಟಿ ಬಲು ಗೋಜಲು. ಕನ್ನಡಕ್ಕೆ ಸರಳ, ಏಕೆಂದರೆ ಇಲ್ಲಿ ಪೂರ್ಣ ಅಕ್ಷರ ಮುಗಿದಲ್ಲಿ ಮುರಿಯಬಹುದು, ಒತ್ತಿನ ನಡುವೆ ಕೂಡದು. ಮಲಯಾಳಂ ಮತ್ತಿತರ ಭಾರತೀಯ ಭಾಷೆಗಳ ತಂತ್ರಾಂಶದಲ್ಲಿ ದುಡಿದಿರುವ ಸಂತೋಷ್ ತೋಟ್ಟಿಂಗಲ್ ಪುಸ್ತಕ ವಿನ್ಯಾಸದ ಟೆಕ್ ತಂತ್ರಾಂಶಕ್ಕಾಗಿ ಕನ್ನಡದ ಪಟ್ಟಿಯನ್ನೂ ಮಾಡಿಕೊಟ್ಟಿದ್ದಾರೆ. ಆಂಡ್ರಾಯ್ಡ್‌ನಲ್ಲೂ ಕನ್ನಡದ ಪಟ್ಟಿ ಇದೆ. ಎಲ್ಲ ಬ್ರೌಸರುಗಳೂ ಇದನ್ನು ಹೊತ್ತು ತರುವುದಿಲ್ಲ ಎಂಬುದೇ ಕೊರತೆ. ಇನ್ನೊಂದು ಷರತ್ತೂ ಇದೆ: ಪುಟ ಯಾವ ಭಾಷೆಯದು ಎಂದು ಹೇಳಿರಬೇಕು. `<html lang="kn">` ಇಲ್ಲದಿದ್ದರೆ, ಅಥವಾ ಎಲ್ಲಿಂದಲೋ ತಂದ ಮಾದರಿಯಲ್ಲಿ `en` ಎಂದೇ ಉಳಿದಿದ್ದರೆ, ಕನ್ನಡದ ಪಟ್ಟಿಯನ್ನು ಅದು ತೆರೆದೂ ನೋಡುವುದಿಲ್ಲ. ಹೈಫನ್ ಬರುತ್ತಿಲ್ಲ ಎಂದು ಗೊಣಗುವವರು ಮೊದಲು ನೋಡಬೇಕಾದ್ದು ಇದನ್ನೇ.

ಹಾಗಾಗಿ ನಮ್ಮ ಕಾರ್ಡಿಗೆ ಮದ್ದು ಇಷ್ಟು:

```css
.card h3, .card p {
  hyphens: auto;
  overflow-wrap: break-word;
}
.card a.url {
  hyphens: none;
  overflow-wrap: anywhere;
}
```

ಕನ್ನಡ ಪದಕ್ಕೆ ಮೊದಲು ಹೈಫನ್ ನಿಯಮ ಒದಗುತ್ತದೆ. ಬ್ರೌಸರಿನ ಬಳಿ ಪಟ್ಟಿ ಇಲ್ಲದಿದ್ದರೆ ಮಾತ್ರ ಎರಡನೆಯದು ಕೈಹಿಡಿಯುತ್ತದೆ. ಕೊಂಡಿಗೆ ಹೈಫನ್ ಬೇಡವೇ ಬೇಡ. ವಿಳಾಸದ ನಡುವೆ ಸಾಲಿನ ಕೊನೆಗೊಂದು ಗೆರೆ ಬಂದರೆ, ಅದೂ ವಿಳಾಸದ ಭಾಗವೆಂದು ತಿಳಿದು ಯಾರಾದರೂ ಹಾಗೇ ಟೈಪ್ ಮಾಡಿಯಾರು.

ಮುಖ್ಯವಾದ ತಲೆಬರಹವನ್ನು ಬ್ರೌಸರಿನ ಮರ್ಜಿಗೆ ಬಿಡಲು ಮನಸ್ಸಿಲ್ಲದಿದ್ದರೆ ಮುರಿಯುವ ಜಾಗವನ್ನು ನಾವೇ ಗುರುತಿಸಬಹುದು: `ವಿಶ್ವ­ವಿದ್ಯಾನಿಲಯ­ಗಳಲ್ಲಿ­ರುವವರಿಗೆ`. ಆ ಗುರುತು ಕಣ್ಣಿಗೆ ಕಾಣದು. ಮುರಿಯಬೇಕಾಗಿ ಬಂದಲ್ಲಿ ಮಾತ್ರ ಹೈಫನ್ ಮೂಡಿ, ಪದ ಅರ್ಥಕ್ಕೆ ಒಪ್ಪುವಂತೆ ‘ವಿಶ್ವವಿದ್ಯಾನಿಲಯ-’ ಎಂಬಲ್ಲಿ ನಿಲ್ಲುತ್ತದೆ. ಯಾರಾದರೂ ಪದವನ್ನು ನಕಲು ಮಾಡಿದರೆ ಆ ಗುರುತೂ ಜೊತೆಗೇ ಹೋಗುತ್ತದೆ ಎಂಬುದು ನೆನಪಿರಲಿ. ಆದ್ದರಿಂದ ಹೆಸರು, ವಿಳಾಸ, ಹುಡುಕಾಟಕ್ಕೆ ಬರುವ ಪದಗಳಲ್ಲಿ ಇದನ್ನು ಹಾಕಬಾರದು.

ಇಷ್ಟೆಲ್ಲ ಮಾಡಿದ ಮೇಲೂ ಪುಟ ಅಡ್ಡಡ್ಡ ಜಾರಿದರೆ? ಆಗ ಕಾರ್ಡಿನ ಗೆರೆಯನ್ನು ನೋಡಿ. ಪದ ಗೆರೆ ದಾಟಿ ಆಚೆ ನಿಂತಿದ್ದರೆ ಮುರಿಯುವ ನಿಯಮ ಅದಕ್ಕೆ ತಾಗಿಲ್ಲ ಎಂದರ್ಥ. ಗೆರೆಯೇ ಹಿಗ್ಗಿ, ಕಾರ್ಡೇ ಅಗಲವಾಗಿ ಪಕ್ಕದ್ದನ್ನು ತಳ್ಳಿದ್ದರೆ ಕಥೆ ಬೇರೆ. ಈಗಿನ ಪುಟಗಳಲ್ಲಿ ಕಾರ್ಡುಗಳನ್ನು ಫ್ಲೆಕ್ಸ್ ಅಥವಾ ಗ್ರಿಡ್ ವಿಧಾನದಲ್ಲಿ ಜೋಡಿಸುತ್ತಾರೆ. ಅಲ್ಲಿ ಪ್ರತಿ ಕಾರ್ಡೂ ತನ್ನ ಕನಿಷ್ಠ ಅಗಲಕ್ಕಿಂತ ಕುಗ್ಗಲು ಒಪ್ಪುವುದಿಲ್ಲ, ಆ ಕನಿಷ್ಠ ಅಗಲವೆಂದರೆ ಒಳಗಿನ ಮುರಿಯಲಾಗದ ಅತಿ ಉದ್ದ ಪದದ ಅಗಲ. `break-word` ಎಂದು ಬರೆದರೂ ಬ್ರೌಸರು ಈ ಕನಿಷ್ಠವನ್ನು ಪೂರ್ತಿ ಪದ ಹಿಡಿದೇ ಲೆಕ್ಕ ಹಾಕುತ್ತದೆ. ಕಾರ್ಡು ಪದದಷ್ಟೇ ಅಗಲವಾದ ಮೇಲೆ ಮುರಿಯುವ ಪ್ರಶ್ನೆಯೇ ಏಳುವುದಿಲ್ಲ! ಕಾರ್ಡಿಗೆ `min-width: 0` ಎಂದು ಬರೆದರೆ ಅದು ಕುಗ್ಗಲು ಒಪ್ಪುತ್ತದೆ. ಗ್ರಿಡ್ ಆದರೆ `1fr` ಇರುವಲ್ಲಿ `minmax(0, 1fr)` ಎಂದಿಡಬೇಕು.

`anywhere` ಇದಕ್ಕೆ ಭಿನ್ನ. ಅದು ಕನಿಷ್ಠ ಅಗಲವನ್ನೇ ಒಂದು ಅಕ್ಷರದಷ್ಟಕ್ಕೆ ಇಳಿಸುತ್ತದೆ. ಕೊಂಡಿಗೆ ಅನುಕೂಲ, ಆದರೆ ಕೋಷ್ಟಕದ ಅಂಕಣಕ್ಕೋ ಬೆಲೆಯ ಪಕ್ಕದಲ್ಲಿರುವ ಹೆಸರಿಗೋ ಹಾಕಿದರೆ, ಪಕ್ಕದವರು ಜಾಗ ಕಸಿದುಕೊಂಡಾಗ ಹೆಸರು ಒಂದರ ಕೆಳಗೊಂದು ಅಕ್ಷರವಾಗಿ ಲಂಬಕ್ಕೆ ನಿಂತುಬಿಡುತ್ತದೆ. ಅದಕ್ಕೇ ಮೇಲೆ ತಲೆಬರಹಕ್ಕೆ `break-word`, ಕೊಂಡಿಗೆ ಮಾತ್ರ `anywhere` ಎಂದು ಬೇರೆ ಬೇರೆ ಇಟ್ಟದ್ದು.

ಪರೀಕ್ಷೆಗೆ ಬ್ರೌಸರಿನ ಅಗಲವನ್ನು 320 ಪಿಕ್ಸೆಲ್‌ಗೆ ಇಳಿಸಿ ನೋಡಿ. ಅಷ್ಟು ಅಗಲದಲ್ಲೂ ಓದಲು ಅಡ್ಡಡ್ಡ ಸರಿಸುವಂತಿರಬಾರದು ಎಂಬುದು ಎಲ್ಲರಿಗೂ ಎಟುಕುವ ಜಾಲತಾಣಗಳ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲೇ ಇದೆ. ಆಮೇಲೆ ಪರೀಕ್ಷೆಗೆಂದು ‘ಶೀರ್ಷಿಕೆ ಇಲ್ಲಿ’ ಎಂಬ ಪುಟ್ಟ ಪದಗಳನ್ನು ಬಿಟ್ಟು, ನಿಮ್ಮ ಪುಟಕ್ಕೆ ನಿಜವಾಗಿ ಬರುವ ಅತಿ ಉದ್ದದ ಪದವನ್ನೇ ಹಾಕಿ. ಒಂದಕ್ಕಿಂತ ಹೆಚ್ಚು ಬ್ರೌಸರಿನಲ್ಲಿ ತೆರೆದು, ಸಾಲಿನ ಕೊನೆಗಳಲ್ಲಿ ಒತ್ತಕ್ಷರ ಒಡೆದಿದೆಯೇ ಎಂದು ಕಣ್ಣಾಡಿಸಿ. ಮತ್ತು ನಿಮ್ಮ ಜಾಲತಾಣದ ಶೈಲಿಯ ಕಡತದಲ್ಲಿ `break-all` ಎಂದು ಹುಡುಕಿ. ಕೊಂಡಿಗಳನ್ನು ಬಿಟ್ಟು ಬೇರೆಲ್ಲೇ ಸಿಕ್ಕರೂ ಅಳಿಸಿಹಾಕಿ.