ಹದಿನಾರನೇ ದಶಮಾಂಶದ ತಪ್ಪು ಮೊದಲನೆಯದಕ್ಕೆ ಬಂದಾಗ

16 ಸಾಲು, 16 ಕಾಲಂಗಳ ಒಂದು ಮ್ಯಾಟ್ರಿಕ್ಸ್ ತೆಗೆದುಕೊಳ್ಳೋಣ. ಮುಖ್ಯ ಕರ್ಣದಲ್ಲಿ ಎಲ್ಲವೂ ಸೊನ್ನೆ, ಅದರ ಮೇಲಿನ ಕರ್ಣದಲ್ಲಿ ಎಲ್ಲವೂ 1, ಉಳಿದೆಡೆ ಸೊನ್ನೆ. ಇದರ 16 ಐಗನ್ ಮೌಲ್ಯಗಳೂ ಸೊನ್ನೆಯೇ. ಈಗ ಕೆಳಗಿನ ಎಡಮೂಲೆಯ ಸೊನ್ನೆಯ ಜಾಗದಲ್ಲಿ 10⁻¹⁶ ಇಡಿ. ಸಮೀಕರಣ λ¹⁶ = 10⁻¹⁶ ಎಂದಾಗುತ್ತದೆ. ಹದಿನಾರು ಮೌಲ್ಯಗಳೂ ಸೊನ್ನೆಯನ್ನು ಬಿಟ್ಟು 0.1 ತ್ರಿಜ್ಯದ ವೃತ್ತದ ಮೇಲೆ ಹೋಗಿ ಕೂರುತ್ತವೆ.

ಸಮಮಿತ ಮ್ಯಾಟ್ರಿಕ್ಸ್‌ನಲ್ಲಿ ಹೀಗೆ ಆಗದು. ಅಲ್ಲಿ ಸಮಮಿತಿ ಕೆಡದಂತೆ ಮಾಡಿದ ಬದಲಾವಣೆಯ ಗಾತ್ರ ಎಷ್ಟೋ, ಐಗನ್ ಮೌಲ್ಯ ಹೆಚ್ಚೆಂದರೆ ಅಷ್ಟೇ ಸರಿಯುತ್ತದೆ; ಇದು ವೈಲ್ ಸಾಧಿಸಿದ ಫಲಿತಾಂಶ. ಅಸಮಮಿತ ಮ್ಯಾಟ್ರಿಕ್ಸ್‌ಗೆ ಆ ರಕ್ಷಣೆ ಇಲ್ಲ.

ಕಂಪ್ಯೂಟರ್ ಸಾಮಾನ್ಯವಾಗಿ ಬಳಸುವ ಸಂಖ್ಯೆಗಳಲ್ಲಿ ದುಂಡಾಗಿಸುವ ದೋಷವೇ ಸುಮಾರು 10⁻¹⁶. ಹಾಗಾಗಿ ಮೇಲಿನ ಉದಾಹರಣೆಯನ್ನು ಯಂತ್ರದಲ್ಲೇ ನೋಡಬಹುದು. ಮೂಲ ರೂಪದಲ್ಲೇ ಕೊಟ್ಟರೆ ಮ್ಯಾಟ್ರಿಕ್ಸ್ ಆಗಲೇ ತ್ರಿಕೋನಾಕಾರದಲ್ಲಿರುವುದರಿಂದ ಶುದ್ಧ ಸೊನ್ನೆಗಳೇ ಬರುತ್ತವೆ. ಅದು ಸುಳ್ಳು ಧೈರ್ಯ. ಅಕ್ಷಗಳನ್ನು ತಿರುಗಿಸಿ ಕೊಡಿ:

```
import numpy as np
J = np.diag(np.ones(15), 1)
Q, R = np.linalg.qr(np.random.randn(16, 16))
A = Q @ J @ Q.T
print(abs(np.linalg.eigvals(A)))
```

ಸೊನ್ನೆಗಳ ಬದಲು 0.1ರ ಆಸುಪಾಸಿನ ಸಂಖ್ಯೆಗಳು ಕಾಣುತ್ತವೆ. ಇದಕ್ಕೆ ಪ್ರೋಗ್ರಾಮನ್ನು ದೂರುವುದು ನ್ಯಾಯವಲ್ಲ. ಅದು ಬಳಸುವ ಕ್ಯೂಆರ್ ವಿಧಾನ ಕೊಡುವ ಉತ್ತರ, ನಾವು ಕೊಟ್ಟ ಮ್ಯಾಟ್ರಿಕ್ಸ್‌ಗೆ ಅತ್ಯಂತ ಹತ್ತಿರವಿರುವ ಇನ್ನೊಂದು ಮ್ಯಾಟ್ರಿಕ್ಸ್‌ನ ನಿಖರವಾದ ಉತ್ತರ. ಆ ನೆರೆಯ ಮ್ಯಾಟ್ರಿಕ್ಸ್‌ನ ಐಗನ್ ಮೌಲ್ಯಗಳೇ ದೂರವಿದ್ದರೆ ವಿಧಾನ ಏನು ಮಾಡೀತು?

ಕಾರಣ ಐಗನ್ ವೆಕ್ಟರ್‌ಗಳಲ್ಲಿದೆ. ಪ್ರತಿ ಮೌಲ್ಯಕ್ಕೂ ಒಂದು ಬಲ ವೆಕ್ಟರ್, ಒಂದು ಎಡ ವೆಕ್ಟರ್ ಇರುತ್ತವೆ. ಎರಡರ ಉದ್ದವನ್ನೂ 1 ಮಾಡಿ ಅವುಗಳ ಗುಣಲಬ್ಧದಿಂದ 1 ಅನ್ನು ಭಾಗಿಸಿದರೆ, ಸಣ್ಣ ದೋಷ ಎಷ್ಟು ಪಟ್ಟು ಹಿಗ್ಗುತ್ತದೆಂದು ತಿಳಿಯುತ್ತದೆ. ವಿಲ್ಕಿನ್ಸನ್ 1965ರ ತಮ್ಮ ಪುಸ್ತಕದಲ್ಲಿ ವಿಸ್ತಾರವಾಗಿ ಬಳಸಿದ ಅಳತೆ ಇದು. ಸಮಮಿತ ಮ್ಯಾಟ್ರಿಕ್ಸ್‌ನಲ್ಲಿ ಎರಡೂ ವೆಕ್ಟರ್ ಒಂದೇ, ಆದ್ದರಿಂದ ಉತ್ತರ 1. ನಮ್ಮ ಉದಾಹರಣೆಯಲ್ಲಿ ಅವು ಪರಸ್ಪರ ಲಂಬ: ಗುಣಲಬ್ಧ ಸೊನ್ನೆ, ಹಿಗ್ಗುವಿಕೆಗೆ ಮಿತಿಯೇ ಇಲ್ಲ.

ಇದರ ಪೆಟ್ಟು ಬೀಳುವುದು ಸ್ಥಿರತೆಯ ತೀರ್ಮಾನಗಳಲ್ಲಿ. ಅದೇ ಮ್ಯಾಟ್ರಿಕ್ಸ್‌ನ ಮುಖ್ಯ ಕರ್ಣದಲ್ಲಿ −0.5 ಇದ್ದರೆ ಎಲ್ಲ ಮೌಲ್ಯಗಳೂ −0.5, ಅದು ವರ್ಣಿಸುವ ವ್ಯವಸ್ಥೆ ಕ್ರಮೇಣ ಶಾಂತವಾಗಬೇಕು. ಆದರೆ ಮೂಲೆಯಲ್ಲಿ 0.001ರಷ್ಟು ದೋಷ ಸೇರಿದರೆ ವೃತ್ತದ ತ್ರಿಜ್ಯ 0.65 ಆಗಿ, ಒಂದು ಮೌಲ್ಯ +0.15ಕ್ಕೆ ದಾಟುತ್ತದೆ. ಶಾಂತವಾಗಬೇಕಿದ್ದುದು ಬೆಳೆಯತೊಡಗುತ್ತದೆ. ಅಳತೆಯಿಂದ ಬಂದ ದತ್ತಾಂಶದಲ್ಲಿ 0.001 ದೊಡ್ಡ ದೋಷವೇನಲ್ಲ.

ಪತ್ತೆಗೆ ಸುಲಭದ ದಾರಿಯಿದೆ. A ಮತ್ತು ಅದರ ಸಾಲು-ಕಾಲಂ ಅದಲುಬದಲು ಮಾಡಿದ A.T, ಎರಡರ ಐಗನ್ ಮೌಲ್ಯಗಳೂ ಗಣಿತದಲ್ಲಿ ಒಂದೇ. ಲೆಕ್ಕದಲ್ಲಿ ಬೇರೆ ಬಂದರೆ ಎಚ್ಚರಿಕೆ. ನಂತರ ನಿಮ್ಮ ದತ್ತಾಂಶದ ಅನಿಶ್ಚಿತತೆಯಷ್ಟೇ ಯಾದೃಚ್ಛಿಕ ಬದಲಾವಣೆಗಳನ್ನು ಸೇರಿಸಿ, ಹಲವು ಬಾರಿ ಲೆಕ್ಕಹಾಕಿ. ಪ್ರತಿ ಸಲವೂ ಹೊಂದಿಕೊಂಡ ಅಂಕಿಗಳನ್ನು ಮಾತ್ರ ವರದಿಯಲ್ಲಿ ಬರೆಯಿರಿ.