ಹಾಗಲಕಾಯಿಯ ಒಂದು ಮಿಲಿಗ್ರಾಂ ಲೆಕ್ಕ

ಬೆಳಗಿನ ವಾಕಿಂಗ್ ಮುಗಿಸಿ ಪಾರ್ಕಿನಿಂದ ಹೊರಬಂದರೆ ಗೇಟಿನ ಪಕ್ಕದಲ್ಲೇ ಜ್ಯೂಸಿನ ಗಾಡಿ. ಹಾಗಲಕಾಯಿ ರಸವನ್ನು ಒಂದೇ ಗುಟುಕಿಗೆ ಇಳಿಸಿ ಮುಖ ಕಿವುಚಿಕೊಳ್ಳುವವರ ಮನಸ್ಸಿನಲ್ಲಿ ಒಂದು ಸರಳ ತರ್ಕವಿರುತ್ತದೆ: ಸಿಹಿ ಕಾಯಿಲೆಗೆ ಕಹಿಯೇ ಮದ್ದು. ಇದಕ್ಕೆ ವಿಜ್ಞಾನದ ಬೆಂಬಲವೂ ಇದೆ ಎನ್ನುವವರು ‘ಚಾರಾಂಟಿನ್’ ಎಂಬ ಹೆಸರನ್ನು ಮುಂದಿಡುತ್ತಾರೆ.

ಹಾಗಲಕಾಯಿಯಿಂದ ಬೇರ್ಪಡಿಸಿದ ಈ ವಸ್ತು ನಿಜಕ್ಕೂ ಒಂದಲ್ಲ, ಎರಡು. ಸಸ್ಯಗಳಲ್ಲಿರುವ ಸ್ಟೆರಾಲ್ ಎಂಬ ಕೊಬ್ಬಿನಂಥ ಅಣುವಿಗೆ ಗ್ಲೂಕೋಸ್ ಅಂಟಿಕೊಂಡಾಗ ಆಗುವ ಎರಡು ಸಂಯುಕ್ತಗಳು ಹೆಚ್ಚುಕಡಿಮೆ ಸಮಪ್ರಮಾಣದಲ್ಲಿ ಬೆರೆತಿರುವುದೇ ಚಾರಾಂಟಿನ್. ಇದು ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ನಾಲಿಗೆಗೆ ತಗಲುವ ಕಹಿಗೂ ಮುಖ್ಯ ಕಾರಣ ಇದಲ್ಲ, ಮೊಮೊರ್ಡಿಕೋಸೈಡ್ ಮುಂತಾದ ಬೇರೆ ಸಂಯುಕ್ತಗಳು. ಆದ್ದರಿಂದ ರಸ ಎಷ್ಟು ಕಹಿಯಾಗಿದೆ ಎಂಬುದರಿಂದ ಅದರಲ್ಲಿರುವ ಚಾರಾಂಟಿನ್ ಅಳೆಯಲಾಗದು.

1960ರ ದಶಕದಲ್ಲಿ ಲೋಲಿತ್ಕರ್ ಮತ್ತು ರಾವ್ ಎಂಬ ಸಂಶೋಧಕರು ಉಪವಾಸವಿದ್ದ ಮೊಲಗಳಿಗೆ ಚಾರಾಂಟಿನ್ ತಿನ್ನಿಸಿ ನೋಡಿದರು. ಸಕ್ಕರೆ ಗಣನೀಯವಾಗಿ ಇಳಿಯಿತು. ಇಂದಿಗೂ ಎಲ್ಲರೂ ಉಲ್ಲೇಖಿಸುವುದು ಈ ಇಳಿಕೆಯನ್ನೇ. ಕೊಟ್ಟ ಪ್ರಮಾಣವನ್ನು ಮಾತ್ರ ಯಾರೂ ಹೇಳುವುದಿಲ್ಲ: ದೇಹತೂಕದ ಪ್ರತಿ ಕಿಲೋಗೆ 50 ಮಿಲಿಗ್ರಾಂ.

ಈಗ ಮನುಷ್ಯರ ಲೆಕ್ಕಕ್ಕೆ ಬರೋಣ. 2011ರಲ್ಲಿ ಪ್ರಕಟವಾದ ಥಾಯ್ಲೆಂಡಿನ ಅಧ್ಯಯನವೊಂದರಲ್ಲಿ ಹೊಸದಾಗಿ ಟೈಪ್ 2 ಮಧುಮೇಹ ಪತ್ತೆಯಾದ 129 ಮಂದಿ ಇದ್ದರು. ಕೆಲವರಿಗೆ ದಿನಕ್ಕೆ 500, ಕೆಲವರಿಗೆ 1000, ಇನ್ನು ಕೆಲವರಿಗೆ 2000 ಮಿಲಿಗ್ರಾಂ ಒಣ ಹಾಗಲಕಾಯಿ ಪುಡಿ. ಉಳಿದವರಿಗೆ 1000 ಮಿಲಿಗ್ರಾಂ ಮೆಟ್‌ಫಾರ್ಮಿನ್ ಮಾತ್ರೆ. ಆ ಪುಡಿಯಲ್ಲಿದ್ದ ಚಾರಾಂಟಿನ್ ಶೇ 0.05ರ ಆಸುಪಾಸು. ಅಂದರೆ ಅತಿ ಹೆಚ್ಚು ಪುಡಿ ತಿಂದವರಿಗೂ ದಿನಕ್ಕೆ ಸಿಕ್ಕಿದ್ದು ಒಂದೇ ಒಂದು ಮಿಲಿಗ್ರಾಂ. ಮೊಲದ ಪ್ರಮಾಣವನ್ನು ಹಾಗೇ 60 ಕಿಲೋ ತೂಕದವರಿಗೆ ಅನ್ವಯಿಸಿದರೆ ಬೇಕಾಗುವುದು 3000 ಮಿಲಿಗ್ರಾಂ. ಪ್ರಾಣಿಯ ಗಾತ್ರ ದೊಡ್ಡದಾದಷ್ಟೂ ಕಿಲೋ ಲೆಕ್ಕದ ಪ್ರಮಾಣ ಕಡಿಮೆ ಸಾಕೆಂದು ಅದನ್ನು ಮೂರನೇ ಒಂದಕ್ಕೆ ಇಳಿಸಿದರೂ ಎರಡು ಕಿಲೋ ಒಣಪುಡಿ ಬೇಕು. ಹಾಗಲಕಾಯಿಯಲ್ಲಿ ಶೇ 90ಕ್ಕೂ ಹೆಚ್ಚು ನೀರೇ ಇರುವುದರಿಂದ ಅಷ್ಟು ಪುಡಿಗೆ ಮೂವತ್ತು ಕಿಲೋ ಹಸಿಕಾಯಿಯಾದರೂ ಹಿಡಿದೀತು.

ಹಾಗಿದ್ದೂ ಆ ಅಧ್ಯಯನದಲ್ಲಿ ಪರಿಣಾಮ ಶೂನ್ಯವೇನಲ್ಲ. ಹಿಂದಿನ ಎರಡು ಮೂರು ವಾರಗಳ ಸಕ್ಕರೆಯನ್ನು ಸೂಚಿಸುವ ಫ್ರಕ್ಟೊಸಮೀನ್ ಎಂಬ ಅಂಶವನ್ನು ಅಳೆದಾಗ, ನಾಲ್ಕು ವಾರಗಳ ಬಳಿಕ 2000 ಮಿಲಿಗ್ರಾಂ ಗುಂಪಿನಲ್ಲಿ ಅದು 10ರಷ್ಟು ಇಳಿದಿತ್ತು. ಮೆಟ್‌ಫಾರ್ಮಿನ್ ಗುಂಪಿನಲ್ಲಿ ಸುಮಾರು 17. ಸಣ್ಣ ಪ್ರಮಾಣದ ಎರಡು ಗುಂಪುಗಳಲ್ಲಿ ಹೇಳಿಕೊಳ್ಳುವ ಇಳಿಕೆ ಕಾಣಲಿಲ್ಲ. ಒಂದು ಮಿಲಿಗ್ರಾಂ ಚಾರಾಂಟಿನ್ ಇಷ್ಟು ಕೆಲಸ ಮಾಡಿರುವುದು ಅನುಮಾನ. ಕಹಿಯ ಕುಟುಂಬಕ್ಕೆ ಸೇರಿದ ಕೆಲವು ಸಂಯುಕ್ತಗಳು ಸ್ನಾಯುಕೋಶಗಳು ಗ್ಲೂಕೋಸ್ ಹೀರಿಕೊಳ್ಳಲು ನೆರವಾಗುವುದು ಪ್ರಯೋಗಾಲಯದಲ್ಲಿ ಕಂಡುಬಂದಿದೆ. ಅವುಗಳ ಪಾಲೂ ಇದ್ದೀತು.

ಪ್ರಮಾಣದ ಈ ತೊಡಕು ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐನಲ್ಲೂ ಎದುರಾಗಿದೆ. 1995ರಲ್ಲಿ ಪ್ರಕಟವಾದ ಅಲ್ಲಿನ ಪ್ರಯೋಗದಲ್ಲಿ ಮಧುಮೇಹಿ ಇಲಿಗಳ ಆಹಾರಕ್ಕೆ ಅತ್ಯಲ್ಪ ಹಾಗಲಪುಡಿ ಬೆರೆಸಿದಾಗ ಪ್ರಯೋಜನ ಕಾಣಲಿಲ್ಲ. ಹತ್ತು ವರ್ಷಗಳ ನಂತರ ಅದೇ ಸಂಸ್ಥೆಯ ಇನ್ನೊಂದು ತಂಡ ಆಹಾರದ ಶೇ 10ರಷ್ಟು ಪುಡಿ ಬೆರೆಸಿತು. ಆಗ ಸಕ್ಕರೆ ಶೇ 30ರಷ್ಟು ತಗ್ಗಿತು. ಊಟದ ಹತ್ತನೇ ಒಂದು ಪಾಲು ಒಣ ಹಾಗಲವನ್ನೇ ದಿನವೂ ತಿನ್ನುವುದು ಮನುಷ್ಯರಿಂದ ಆಗದ ಮಾತು. ಜನರ ಮೇಲಿನ ನಾಲ್ಕು ಪ್ರಯೋಗಗಳನ್ನು, ಒಟ್ಟು 479 ಮಂದಿಯನ್ನು, ಒಟ್ಟಿಗೆ ಪರಿಶೀಲಿಸಿದ ಕಾಕ್ರನ್ ಸಮೀಕ್ಷೆ 2012ರಲ್ಲಿ ಹೇಳಿದ್ದೂ ಇಷ್ಟೇ: ಹಾಗಲಕಾಯಿಯನ್ನು ಚಿಕಿತ್ಸೆಯೆಂದು ಶಿಫಾರಸು ಮಾಡಲು ಪುರಾವೆ ಸಾಲದು.

‘ನನಗೆ ಇಳಿದಿದೆಯಲ್ಲ’ ಎನ್ನುವವರು ಸುಳ್ಳು ಹೇಳುತ್ತಿಲ್ಲ. ಆದರೆ ರಸ ಶುರುಮಾಡಿದ ದಿನವೇ ಅವರು ವಾಕಿಂಗ್ ಶುರುಮಾಡಿರುತ್ತಾರೆ, ಕಾಫಿಗೆ ಸಕ್ಕರೆ ಬಿಟ್ಟಿರುತ್ತಾರೆ. ಇಳಿಕೆ ಯಾವುದರಿಂದ ಎಂದು ತಿಳಿಯಬೇಕಾದರೆ ಮಿಕ್ಕದ್ದನ್ನೆಲ್ಲ ಇದ್ದಂತೆಯೇ ಇಟ್ಟು, ಮೊದಲೊಮ್ಮೆ ಮತ್ತು ಮೂರು ತಿಂಗಳ ನಂತರ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ ಹೋಲಿಸಬೇಕು. ಒಂದು ಬೆಳಗಿನ ಗ್ಲೂಕೋಮೀಟರ್ ಅಂಕಿಯಿಂದ ಅದು ತಿಳಿಯದು.

ನಿಜವಾದ ಅಪಾಯಗಳು ಎರಡು. ರಸವನ್ನು ನಂಬಿ ಮಾತ್ರೆ ನಿಲ್ಲಿಸಿದರೆ ಸಕ್ಕರೆ ಸದ್ದಿಲ್ಲದೆ ಏರುತ್ತದೆ. ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ಜೊತೆ ಖಾಲಿಹೊಟ್ಟೆಯಲ್ಲಿ ರಸ ಕುಡಿದರೆ ಸಕ್ಕರೆ ತೀರಾ ಇಳಿದು ಬೆವರು, ನಡುಕ, ಕಣ್ಣುಕತ್ತಲೆ ಬರಬಹುದು. ಹಾಗಾದಾಗ ಮೊದಲು ಸಕ್ಕರೆ ಬಾಯಿಗೆ ಹಾಕಿಕೊಳ್ಳಬೇಕು, ಆಮೇಲೆ ವೈದ್ಯರಿಗೆ ರಸದ ವಿಷಯ ತಿಳಿಸಬೇಕು. ಗರ್ಭಿಣಿಯರು ರಸ ಮತ್ತು ಪುಡಿಯಿಂದ ದೂರವಿರುವುದು ಲೇಸು.

ಪಲ್ಯ ಮಾಡಿ ತಿನ್ನುವುದಕ್ಕೆ ಇದ್ಯಾವುದೂ ಅಡ್ಡಿಯಲ್ಲ. ನಾರು ಹೆಚ್ಚಿರುವ, ಪಿಷ್ಟ ಕಡಿಮೆಯಿರುವ ತರಕಾರಿ ಅದು. ಗೊಜ್ಜು ಮಾಡುವುದಾದರೆ ಮಾತ್ರ ಅದಕ್ಕೆ ಹಾಕುವ ಬೆಲ್ಲದ ಅಚ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ.